ಗುಂಡುಸೂಜಿ ಚುಚ್ಚಿದ ಕಾಗದ

ನೇತ್ರ ಬ್ಯಾಂಕಿನ ಮೇಡಂ ಕಾಗದವನ್ನು ಓದಿ ಮುಗಿಸಿ, ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಏನೋ ಸರಿಯಿಲ್ಲವೆಂದು ಎದುರು ಕೂತ ಹುಡುಗಿಗೆ ತಿಳಿಯಲು ಅಷ್ಟೇ ಸಾಕಾಯಿತು.

"ಅಮ್ಮನ ಪರವಾಗಿ ನೀವೇ ಬರೆದ್ರಾ?"

"ಹೂಂ." ಸುಳ್ಳು ಹೇಳಿ, ಮೇಡಂ ಅಂಗೈ ಕೆಳಗಿನ ಕಾಗದವನ್ನು ನೋಡಿದಳು. "ಅಂದ್ರೆ... ಫೋನಲ್ಲಿ ಎಐ ಹತ್ರ ಬರೆಸಿದೆ ಮೇಡಂ."

ಅವಳ ಅಮ್ಮ ಟೈಲರ್. ಎರಡೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ವರ್ಷವರ್ಷಕ್ಕೆ ಮಬ್ಬಾಗುತ್ತ ಹೋಗಿ, ಕಡೆಗೆ ಬಟ್ಟೆಯ ಬಣ್ಣವನ್ನೂ ಗಿರಾಕಿಗಳ ಬಾಯಲ್ಲೇ ಕೇಳಿ ತಿಳಿಯುವಂತಾಗಿತ್ತು. ತೀರಿಹೋದ ಯಾರದೋ ಕಣ್ಣಿನ ಪೊರೆಯನ್ನು ಡಾಕ್ಟರು ಅಮ್ಮನ ಒಂದು ಕಣ್ಣಿಗೆ ಹೊಲಿದು ಕೂಡಿಸಿದರು. ಆ ಯಾರೋ ಯಾರೆಂದು ಬ್ಯಾಂಕು ಹೇಳುವುದಿಲ್ಲ. ಆದರೆ ಹೆಸರು, ಊರು ಹಾಕದೆ ಅವರ ಮನೆಯವರಿಗೆ ಒಂದು ಕಾಗದ ಬರೆಯಬಹುದು. ಮೇಡಂ ಓದಿ ನೋಡಿ, ಆ ಮನೆಯವರು ಒಪ್ಪಿದರೆ ತಲುಪಿಸುತ್ತಾರೆ.

ಡಿಗ್ರಿ ಮುಗಿಸಿದ್ದ ಮಗಳಿಗೆ ಡೈರಿ ಬರೆಯುವುದೆಂದರೆ ನೀರು ಕುಡಿದಷ್ಟು ಸಲೀಸು. ಹೊಸಬರ ಮುಂದೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮಗನನ್ನೋ ಹೆಂಡತಿಯನ್ನೋ ಕಳೆದುಕೊಂಡ ಕಾಣದ ಮನೆಯವರ ಮುಂದೆಯಂತೂ ಪೆನ್ನೂ ಅಂಟಿಕೊಂಡಿತು. ಆಗ ಈ ಎಐ ಯಂತ್ರ ಕೈಹಿಡಿಯಿತು. ಕೇಳಿದ ಕೂಡಲೇ ಪುಟ ತುಂಬ ಬರೆದುಕೊಟ್ಟಿತು. ಎಷ್ಟು ಚೆಂದವಾಗಿತ್ತೆಂದರೆ, ತನ್ನದೆಂದು ಹೇಳಿಕೊಳ್ಳಲು ಅವಳಿಗೇ ಆಸೆಯಾಗಿತ್ತು.

"ಬರೆಸಿದ್ದು ತಪ್ಪಲ್ಲಮ್ಮ. ನಮ್ಮ ಆಫೀಸಿನ ವರದಿಗೆ ನಾನೂ ಬಳಸ್ತೀನಿ," ಎಂದರು ಮೇಡಂ. "ಆದ್ರೆ ಒಬ್ಬರು ಕೊಟ್ಟ ಎರಡು ಕಣ್ಣು ಇಬ್ಬರಿಗೆ ಹೋಗಿದೆ. ಇನ್ನೊಬ್ಬರೂ ಕಾಗದ ಕಳಿಸಿದ್ದಾರೆ. ಅದನ್ನ ನಿಮಗೆ ತೋರಿಸೋ ಹಾಗಿಲ್ಲ. ಇಷ್ಟು ಹೇಳ್ತೀನಿ, ಎರಡೂ ಅಕ್ಕತಂಗಿಯರ ಹಾಗಿವೆ. ಅದೂ 'ಪದಗಳು ಸಾಲುವುದಿಲ್ಲ' ಅಂತಲೇ ಶುರು, 'ನಂದದ ಬೆಳಕು' ಅಂತಲೇ ಮುಕ್ತಾಯ. ಎರಡನ್ನೂ ಓದೋದು ಒಂದೇ ಮನೆಯವರು."

ಹುಡುಗಿ ಅದನ್ನು ಕಣ್ಮುಂದೆ ತಂದುಕೊಂಡಳು. ಎರಡು ಲಕೋಟೆ, ಒಂದೇ ಮಾತು. ಆಸ್ಪತ್ರೆಯವರು ಅಚ್ಚು ಹಾಕಿಸಿ ಹಂಚುತ್ತಾರೆ ಎಂದುಕೊಳ್ಳುವುದಿಲ್ಲವೇ ಅವರು? ಇವಳ ಅಮ್ಮನೆಂಬ ಒಬ್ಬಳು ಇದ್ದಾಳೆ, ಆ ಕಣ್ಣಲ್ಲೇ ನೋಡುತ್ತಿದ್ದಾಳೆ ಅಂತ ಅವರಿಗೆ ಗೊತ್ತಾಗುವುದೇ ಇಲ್ಲ.

"ಅಮ್ಮನಿಗೆ ಓದಿ ಹೇಳಿದ್ರಾ ಇದನ್ನ?"

ಇಲ್ಲ. ಅದೊಂದನ್ನು ಅವಳು ಮಾಡಿರಲಿಲ್ಲ. ಮೇಡಂ ಕಾಗದವನ್ನು ಅವಳತ್ತ ಸರಿಸಿದರು.

ಅಂಗಡಿಯಲ್ಲಿ ಅಮ್ಮ ಒಂದು ಕೋಟಿನ ತೋಳು ಬಿಚ್ಚುತ್ತ ಕೂತಿದ್ದಳು. ಮಗಳು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ಅಮ್ಮ ಬೈಯಲಿಲ್ಲ. ಗುಂಡುಸೂಜಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಓದು. ಟ್ರಯಲ್ ನೋಡೋಣ. ಎಲ್ಲಿ ನನ್ನ ಮೈಗೆ ಕೂರಲ್ವೋ ಅಲ್ಲೊಂದು ಪಿನ್ನು. ಕತ್ತರಿ ಆಮೇಲೆ."

"'ನನ್ನ ಕೃತಜ್ಞತೆಯನ್ನು ಹೇಳಲು ಪದಗಳು ಸಾಲುವುದಿಲ್ಲ.'"

"ಯಾರಿಗೆ, ನನಗಾ? ಈ ಬೀದೀಲಿ ಯಾರನ್ನಾದ್ರೂ ಕೇಳು, ಪದ ಸಾಲದೆ ಸುಮ್ಮನಿದ್ದೀನಾ ಅಂತ." ಒಂದು ಪಿನ್ನು.

"'ಪ್ರತಿದಿನ ಸೂರ್ಯೋದಯವನ್ನು ನೋಡುವಾಗ...'"

"ನಾನು ಏಳೋ ಹೊತ್ತಿಗೆ ಸೂರ್ಯ ಅರ್ಧ ಡ್ಯೂಟಿ ಮುಗಿಸಿರ್ತಾನೆ. ಮುಂದಕ್ಕೆ ಹೋಗು."

"'ನನ್ನ ಮೊಮ್ಮಕ್ಕಳ ನಗುವನ್ನು...'" ಮಗಳ ದನಿ ನಿಂತುಹೋಯಿತು.

ಅಮ್ಮ ಕನ್ನಡಕದ ಮೇಲಿಂದ ನೋಡಿದಳು. "ನನಗೆ ಹೇಳದೆ ಮದುವೆ ಗಿದುವೆ ಏನಾದ್ರೂ ಆಗಿದೀಯೇನೇ?"

ಆ ಸಾಲನ್ನು ಮಗಳು ಎಷ್ಟೋ ಸಲ ಓದಿದ್ದಳು, ಆದರೂ ಕಂಡಿರಲಿಲ್ಲ. ಮಾತು ಅಷ್ಟು ನುಣುಪಾಗಿ ಜಾರಿಹೋಗಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೋಡನೋಡುತ್ತ ಕಾಗದವೆಲ್ಲ ಮುಳ್ಳುಹಂದಿಯಂತಾಯಿತು.

ಒಂದು ಕಡೆ ಮಾತ್ರ ಅಮ್ಮನ ಕೈ ತಡೆಯಿತು. 'ನಿಮ್ಮ ದುಃಖದ ಗಳಿಗೆಯಲ್ಲೂ ಕಾಣದವರೊಬ್ಬರನ್ನು ನೆನೆದಿರಿ.'

"ಇದು ನಿಜ," ಎಂದಳು ಮೆಲ್ಲಗೆ. "ಯಾರು ಹೇಳಿದ್ರೇನು. ಇರಲಿ ಅದು." ಆಮೇಲೆ ಕೇಳಿದಳು, "ಆ ಫೋನಿಗೆ ಏನಂತ ಹೇಳಿದ್ದೆ ನೀನು?"

ಮಗಳು ಫೋನು ತೋರಿಸಿದಳು: ಕಣ್ಣು ಪಡೆದ ಹೆಂಗಸಿನಿಂದ ದಾನಿಯ ಮನೆಯವರಿಗೆ ಮನಮುಟ್ಟುವ ಧನ್ಯವಾದ ಪತ್ರ. ಅಷ್ಟೇ.

"ಅಳತೆ ಕೊಡದೆ ಅಂಗಿ ಹೊಲಿ ಅಂದ್ರೆ ಪಾಪ ಅದೇನು ಮಾಡುತ್ತೆ? ಯಾರಿಗಾದರೂ ಆಗಲಿ ಅಂತ ಒಂದು ಸೈಜು ಹೊಲಿದುಕೊಟ್ಟಿದೆ. ತಗೋ ಪೆನ್ನು."

ಅಮ್ಮ ಹೇಳಿದಳು, ಮಗಳು ಬರೆದಳು. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಮೊದಮೊದಲು ಬರೀ ಮಂಜು ಕಂಡದ್ದು. ಕೆಲವು ವಾರ ಕಳೆದು ತಪಾಸಣೆಗೆ ಹೋದಾಗ, ಡಾಕ್ಟರ ಅಂಗಿಯ ಒಂದು ಗುಂಡಿಗೆ ಮಾತ್ರ ಬೇರೆ ಬಣ್ಣದ ದಾರವಿರುವುದು ಕಣ್ಣಿಗೆ ಬಿದ್ದು, ಕುರ್ಚಿಯಲ್ಲೇ ಅತ್ತದ್ದು. ಡಾಕ್ಟರು ನೋವೇನೋ ಎಂದು ಗಾಬರಿಯಾದದ್ದು. ಕಣ್ಣೊಳಗೆ ಅವರು ಹಾಕಿದ ಹೊಲಿಗೆ ತನ್ನದಕ್ಕಿಂತ ಸಣ್ಣದೆಂದು ಹೊಟ್ಟೆಕಿಚ್ಚುಪಟ್ಟದ್ದು.

"ರಾತ್ರಿ ದೀಪ ನೋಡಿದ್ರೆ ಸುತ್ತ ಬಳೆ ಬಳೆ ಕಾಣುತ್ತೆ ಅಂತಲೂ ಬರಿ."

"ಬೇಡಮ್ಮ. ಅವರಿಗೆ ಬೇಜಾರಾಗಲ್ವಾ? ಕೊಟ್ಟಿದ್ದು ಪೂರ್ತಿ ಸರಿ ಹೋಗಲಿಲ್ಲ ಅಂತ."

ಅಮ್ಮ ಕೋಟಿನ ತೋಳನ್ನು ಸವರಿದಳು. "ಎಲ್ಲ ಚೆನ್ನ ಎಲ್ಲ ಚೆನ್ನ ಅಂದ್ರೆ ನಂಬ್ತಾರೇನೇ? ನಮ್ಮವರ ಕಣ್ಣು ಕಷ್ಟಪಟ್ಟು ದುಡೀತಿದೆ ಅಂತ ಅವರಿಗೆ ಗೊತ್ತಾಗಲಿ. ದುಡಿಯೋ ಕಣ್ಣಿಗೆ ಆಯಾಸ ಇದ್ದೇ ಇರುತ್ತೆ. ಬರಿ." ಮಗಳು ದೀಪದ ಬಳೆಯನ್ನೂ ಆ ಮಾತನ್ನೂ ಬರೆದಳು.

"ಈಗ ನಿಂದು."

"ನಂದೇನು?"

"ಡೈರೀಲಿ ಬರ್ಕೋತೀಯಲ್ಲ, ಆ ಥರ. ಹೆದರಬೇಡ, ಆಗ ಕಣ್ಣು ಕಾಣ್ತಿರಲಿಲ್ಲ, ಓದಿಲ್ಲ. ಇನ್ನು ಮೇಲೆ ಸರಿಯಾಗಿ ಬಚ್ಚಿಡು!"

ಮಗಳು ಬಹಳ ಹೊತ್ತು ತೆಗೆದುಕೊಂಡಳು. ಕಡೆಗೆ ಬರೆದದ್ದು ಇಷ್ಟು: 'ನಾನು ಅವರ ಮಗಳು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಸೂಜಿಗಳಿಗೆಲ್ಲ ದಾರ ಪೋಣಿಸಿ, ಅಮ್ಮನ ಕೈಗೆ ಎಟಕುವಂತೆ ಸೂಜಿಯ ಮೆತ್ತೆಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಈಗ ಅವರೇ ಪೋಣಿಸಿಕೊಳ್ಳುತ್ತಾರೆ. ಮೊದಲ ಸಲ ಪೋಣಿಸಿದಾಗ ನನ್ನನ್ನು ಕರೆದು ತೋರಿಸಿದರು. ಒಂದು ಕೆಲಸ ಕೈತಪ್ಪಿದ್ದಕ್ಕೆ ನಾನು ಇಷ್ಟು ಸಂತೋಷಪಟ್ಟಿದ್ದು ಇದೇ ಮೊದಲು. ಆ ದಾರದ ಒಂದು ಕೊನೆ ನಿಮ್ಮ ಕೈಯಲ್ಲಿದೆ.'

ಜೋರಾಗಿ ಓದಿದಳು. ಅಮ್ಮ ಪಿನ್ನಿನ ಡಬ್ಬಿಯ ಮುಚ್ಚಳ ಹಾಕಿದಳು.

ಮಗಳು ಅದನ್ನು ಟೈಪು ಮಾಡಿ, ಯಂತ್ರವನ್ನೇ ಮತ್ತೆ ಕೇಳಿದಳು: ಗುರುತು ಬಿಟ್ಟುಕೊಡುವ ವಿವರ ಇದ್ದರೆ ಹೇಳು, ಬೇರೇನೂ ಬದಲಿಸಬೇಡ. ಟೈಲರ್ ಎಂಬುದನ್ನು ಒಮ್ಮೆ ಯೋಚಿಸಿ ಎಂದಿತು; ಒಳ್ಳೆಯ ಸಲಹೆಯೇ. ಜೊತೆಗೆ, ಬೇಡವೆಂದರೂ ಕೇಳದೆ, 'ಕಷ್ಟಪಟ್ಟು ದುಡೀತಿದೆ' ಎಂಬುದನ್ನು 'ಅದ್ಭುತವಾಗಿ ಕಾರ್ಯನಿರ್ವಹಿಸುತ್ತಿದೆ' ಎಂದು ತಿದ್ದಿಯೂ ಇಟ್ಟಿತ್ತು. ಈ ಸಲ ಆ ತಿದ್ದುಪಡಿಗೆ ಅವಳ ಕಣ್ಣು ತಪ್ಪಿಸಿಕೊಂಡು ಹೋಗಲಾಗಲಿಲ್ಲ. ಅಮ್ಮನ ಮಾತನ್ನು ಅದರ ಜಾಗಕ್ಕೆ ತಂದಿಟ್ಟು, ಮೊದಲ ಹಾಳೆ ತುಂಬಿಸಿ ತನ್ನ ಭಯ ಬಿಡಿಸಿದ್ದಕ್ಕೆ ಯಂತ್ರಕ್ಕೂ ಒಂದು ಥ್ಯಾಂಕ್ಸ್ ಒತ್ತಿದಳು. ಯಾರೂ ನೋಡುತ್ತಿರಲಿಲ್ಲವಲ್ಲ.

ಮರುದಿನ ತಾಯಿಮಗಳು ಇಬ್ಬರೂ ಹೋದರು. ಮೇಡಂ ಓದುತ್ತ ಗುಂಡಿಯ ಹತ್ತಿರ ಫಕ್ಕನೆ ನಕ್ಕರು. ಬಳೆ ಬಳೆ ದೀಪದ ಹತ್ತಿರ ನಗು ನಿಂತಿತು. ಕೊನೆಯ ಸಾಲಿನ ಹತ್ತಿರ ಎದ್ದು ಹೋಗಿ ಕಿಟಕಿಯ ಬಳಿ ಏನೋ ಕೆಲಸವಿರುವವರಂತೆ ನಿಂತರು.

"ಟೈಲರ್ ಅಂತ ಇರಲಿ, ಊರು ಅಂಗಡಿ ಏನೂ ಹಾಕಿಲ್ವಲ್ಲ. ಇದು ಹೋಗುತ್ತೆ," ಎಂದರು ತಿರುಗದೆಯೇ. "ಹೇಗೆ ಮಾಡಿದ್ರಿ?"

ಎಂದೂ ಮೊದಲು ಬಾಯಿ ತೆರೆಯದ ಹುಡುಗಿ, ಅಮ್ಮನಿಗಿಂತ ಮುಂಚೆ ಪಿನ್ನಿನ ಕತೆ ಹೇಳಿದಳು.

"ಇನ್ನೊಬ್ಬರಿಗೂ ಹೇಳಲಾ ಇದನ್ನ?" ಮೇಡಂ ಕೇಳಿದರು. "ಅವರ ಕಾಗದವನ್ನೂ ವಾಪಸ್ ಕೊಟ್ಟಿದ್ದೀನಿ. ಎಲ್ಲಿಂದ ಶುರು ಮಾಡಲಿ ಅಂತ ಕೇಳ್ತಿದ್ರು."

ಅಮ್ಮ ಕೈಚೀಲದಿಂದ ಸಾಲಾಗಿ ಪಿನ್ನು ಚುಚ್ಚಿದ್ದ ರಟ್ಟಿನ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು.

"ಕೊಡಿ ಅವರಿಗೆ. ಜೊತೆ ಕಣ್ಣಿನವರಲ್ವಾ, ಒಂದು ಲೆಕ್ಕಕ್ಕೆ ನೆಂಟರೇ ಆದ್ರು. ಚುಚ್ಚುತ್ತೆ, ಹುಷಾರು ಅನ್ನಿ."