ಚೌಕ ಸರಿಯಿತ್ತು, ಬಳ್ಳಿ ಕುಗ್ಗಿತ್ತು

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಇದರಲ್ಲಿ ಸುಳ್ಳು ಒಂದೇ ಒಂದು. ಅದೂ ಫೋನಿನಲ್ಲಿ ಬಂದದ್ದು, ನನ್ನ ಬಾಯಿಂದಲ್ಲ.

ಅಕ್ಕ ತನ್ನ ಆನ್‌ಲೈನ್ ಅಂಗಡಿಯಲ್ಲಿ ಕಸೂತಿಯ ಡಿಸೈನ್ ಮಾರುತ್ತಿದ್ದಳು. ಬಟ್ಟೆಯಲ್ಲ, ದಾರವಲ್ಲ, ಬರೀ ಗೆರೆ. ಕೊಂಡವರು ಫೈಲ್ ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ಕಾಗದವನ್ನು ಕಿಟಕಿಯ ಗಾಜಿಗೆ ಅಂಟಿಸಿ, ಅದರ ಮೇಲೆ ಬಟ್ಟೆ ಹಿಡಿದು ತಿದ್ದಿಕೊಳ್ಳಬೇಕು. ಆಮೇಲೆ ಸೂಜಿಯೂ ಅವರದೇ, ಚುಚ್ಚಿಸಿಕೊಳ್ಳುವ ಬೆರಳೂ ಅವರದೇ. 'ಇದು ಫೈಲ್ ಮಾತ್ರ, ಅಂಚೆಯಲ್ಲಿ ಏನೂ ಬರುವುದಿಲ್ಲ' ಎಂದು ಮೊದಲ ಸಾಲಿನಲ್ಲೇ ಬರೆದಿದ್ದರೂ ಒಬ್ಬರು 'ಪಾರ್ಸೆಲ್ ಇನ್ನೂ ಬಂದಿಲ್ಲ' ಎಂದು ಒಂದೇ ಒಂದು ಸ್ಟಾರ್ ಕೊಟ್ಟು ಹೋಗಿದ್ದರು. ಅಂದಿನಿಂದ ಫೋನ್ ಗುಂಯ್ ಎಂದರೆ ಸಾಕು, ಅಕ್ಕನ ಎದೆ ಝಲ್ ಎನ್ನುತ್ತಿತ್ತು.

ಈಗ ಹೊಲಿಗೆ ಟೀಚರೊಬ್ಬರು ಹೂಬಳ್ಳಿಯ ಡಿಸೈನನ್ನು ಇಡೀ ಕ್ಲಾಸಿಗೆ ಬಳಸುವ ಅನುಮತಿಯ ಸಮೇತ ಕೊಂಡಿದ್ದರು. ಎಂಟು ಇಂಚಿನ ಮರದ ರಿಂಗಿನೊಳಗೆ, ಅಂಚಿಗೆ ಹತ್ತಿಕೊಂಡೇ ಸುತ್ತುವ ಬಳ್ಳಿ ಅದು. ಕಸೂತಿ ಮುಗಿದ ಮೇಲೆ ರಿಂಗಿನ ಸಮೇತ ಗೋಡೆಗೆ ತೂಗುಹಾಕಬಹುದು. "ಹುಡುಗೀರಿಗೆ ಹಿಡಿಸಿದ್ರೆ ಮುಂದಿನ ಬ್ಯಾಚಿಗೆಲ್ಲ ನಿಮ್ದೇ ಡಿಸೈನು, ಅರ್ಥ ಆಯ್ತಾ?" ಎಂದಿದ್ದರು. ಮರುದಿನ ಬೆಳಗಾದರೆ ಕ್ಲಾಸು. ಅದೊಂದು ಸರಿಹೋದರೆ ಅಂಗಡಿ ನೆಲೆನಿಂತಂತೆ. ಕೆಟ್ಟರೆ, ಟೀಚರ್ ಬಾಯಿಂದ ಊರೆಲ್ಲ ಸುದ್ದಿ.

"ಫೋನನ್ನ ಅಷ್ಟು ಸಲ ನೋಡಿದ್ರೆ ಅದಕ್ಕೂ ನಾಚಿಕೆ ಆಗುತ್ತಕ್ಕಾ," ಎಂದ ತಮ್ಮ. ಕಂಡವರ ದನಿಯನ್ನೆಲ್ಲ ಹಿಡಿದು ಆಡಿ ತೋರಿಸುವ ಅವನಿಗೆ ಮನೆಯಲ್ಲಿ ರೇಡಿಯೊ ಎಂದೇ ಹೆಸರು.

"ನಿಂಗೇನೋ ರೇಡಿಯೊ! ಅಳತೆ ತಪ್ಪಿದ್ರೆ ಅಳೋಳು ನಾನು."

"ಅದಕ್ಕೇ ಅಲ್ವಾ ಅದನ್ನ ಅಳತೆ ಅನ್ನೋದು!"

ಅಕ್ಕ ದಿಂಬು ಎಸೆದಳು. ಅವನು ತಪ್ಪಿಸಿಕೊಂಡು ಬೀದಿಗಿಳಿದ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯವನು ಅವನ ಗೆಳೆಯ. ಅಲ್ಲಿನ ಫೋನ್ ಕಂಡದ್ದೇ ಅವನ ಮೂಗು ತುರಿಸಿತು. ಟೀಚರದು ಮೂಗಿನ ದನಿ. ಸ್ಪೀಕರಿನಲ್ಲಿ ಒಮ್ಮೆ ಕೇಳಿದ್ದ, ಅಷ್ಟು ಸಾಕಿತ್ತು. ಅಕ್ಕನ ನಂಬರ್ ಒತ್ತಿದ.

"ಹಲೋ, ನಾನಮ್ಮಾ, ಟೀಚರು. ಇದು ಸ್ಕೂಲ್ ಫೋನು. ಏನಮ್ಮಾ ನಿಮ್ಮ ಬಳ್ಳಿ? ಪ್ರಿಂಟ್ ತೆಗೆದ್ರೆ ಇಷ್ಟೇ ಇಷ್ಟು ಬಂದಿದೆ! ರಿಂಗಿನ ಮಧ್ಯ ಮುದುರಿಕೊಂಡು ಕೂತಿದೆ, ನೆಗಡಿ ಆದೋರ ಥರ. ಅರ್ಥ ಆಯ್ತಾ?"

"ಮೇಡಂ... ಪ್ರಿಂಟರಲ್ಲಿ 'ಆಕ್ಚುಯಲ್ ಸೈಜ್' ಹಾಕಿದ್ರಾ? 'ಫಿಟ್ ಟು ಪೇಜ್' ಇದ್ರೆ ಕುಗ್ಗುತ್ತೆ. ಮೂಲೇಲಿ ಒಂದಿಂಚಿನ ಚೌಕ ಇದೆಯಲ್ಲ, ಅದನ್ನ ಸ್ಕೇಲಲ್ಲಿ ಅಳೆದು..."

"ಚೌಕ ಕಟ್ಕೊಂಡು ನಾನೇನ್ ಮಾಡ್ಲಮ್ಮಾ? ನನ್ಗೆ ಕ್ಲಾಸಿದೆ!" ಎಂದು ಇಟ್ಟುಬಿಟ್ಟ. ಜೆರಾಕ್ಸಿನವನು ನಗು ತಡೆಯಲಾರದೆ ಕಾಗದದ ಕಟ್ಟಿನ ಹಿಂದೆ ಅಡಗಿದ. ಇನ್ನೊಂದು ಗಳಿಗೆಗೆ ಫೋನ್ ಮಾಡಿ 'ನಾನೇ ಅಕ್ಕಾ' ಎನ್ನುವುದು, ಬೈಸಿಕೊಳ್ಳುವುದು. ರೇಡಿಯೊನ ಲೆಕ್ಕಾಚಾರ ಅಷ್ಟೇ.

ಆ ಗಳಿಗೆ ಬರುವ ಮೊದಲೇ ಅಕ್ಕ ಬಂದಳು. ಕಾಲಲ್ಲಿ ಜೋಡಿ ತಪ್ಪಿದ ಚಪ್ಪಲಿ, ಒಂದು ಕೈಯಲ್ಲಿ ಪೆನ್‌ಡ್ರೈವ್, ಇನ್ನೊಂದರಲ್ಲಿ ರಿಂಗು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕಾ, ಅದು..." ಎಂದ ರೇಡಿಯೊ.

"ಸುಮ್ನಿರೋ, ಪ್ರಾಣ ಹೋಗ್ತಿದೆ. ಅಣ್ಣಾ, ಇದನ್ನ ಆಕ್ಚುಯಲ್ ಸೈಜಲ್ಲೇ ತೆಗೀರಿ, ನೂರು ಪರ್ಸೆಂಟು."

ಯಂತ್ರ ಕಾಗದ ಉಗುಳಿತು. ಅಕ್ಕ ಸ್ಕೇಲಿಟ್ಟಳು. ಚೌಕ ಕರಾರುವಾಕ್ಕಾಗಿ ಒಂದಿಂಚು. "ಸರಿಯಾಗಿದೆ," ಎಂದು ಉಸಿರು ಬಿಟ್ಟಳು. ರೇಡಿಯೊ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಬಳ್ಳಿಯ ಮೇಲೆ ರಿಂಗಿಟ್ಟಳು.

ಬಳ್ಳಿ ರಿಂಗಿನ ನಡುವೆ ಮುದುರಿಕೊಂಡು ಕೂತಿತ್ತು. ಸುತ್ತಲೂ ಬೋಳು ಜಾಗ.

ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಸುಮ್ಮನೆ ಬಾಯಿಗೆ ಬಂದದ್ದನ್ನು ಆಡಿದ್ದ. ಅದು ಅಕ್ಷರಶಃ ಎದುರಿಗಿತ್ತು.

"ಚೌಕ ಸರಿ ಇದ್ಮೇಲೆ ಬಳ್ಳಿ ಹೇಗೆ ಕುಗ್ಗುತ್ತೆ?" ಎಂದ ಜೆರಾಕ್ಸಿನವನು.

ಅಕ್ಕ ನೆಲ ನೋಡುತ್ತ, ಫೈಲ್ ಮಾಡಿದ್ದನ್ನು ಮನಸ್ಸಿನಲ್ಲೇ ಒಂದೊಂದೇ ಹೆಜ್ಜೆ ಹಿಂದಕ್ಕೆ ನೆನೆದಳು. ಬಿಡಿಸಿದ್ದು ದೊಡ್ಡ ಹಾಳೆಯಲ್ಲಿ. ಅದನ್ನು ಎ-ಫೋರ್ ಹಾಳೆಯ ಪಿಡಿಎಫ್ ಮಾಡುವಾಗ 'ಪುಟಕ್ಕೆ ಹೊಂದಿಸು' ಎಂಬಲ್ಲಿ ಟಿಕ್ ಉಳಿದುಹೋಗಿ, ಹಾಳೆಯ ಜೊತೆ ಬಳ್ಳಿಯೂ ಕುಗ್ಗಿತ್ತು. ಪರೀಕ್ಷೆಯ ಚೌಕವನ್ನು ಮಾತ್ರ ಆಮೇಲೆ ನೆನಪಾಗಿ, ಕುಗ್ಗಿದ ಪುಟದ ಮೂಲೆಗೆ ಅಂಟಿಸಿದ್ದಳು. ಅಂಗಡಿಯ ಪುಟದಲ್ಲಿದ್ದ ಫೋಟೋ ಕೂಡ, ಯಾರೂ ಕದಿಯದಂತೆ ಮೇಲೆ ಅಡ್ಡಡ್ಡ ಅಂಗಡಿಯ ಹೆಸರು ಹೊತ್ತದ್ದು, ದೊಡ್ಡ ಹಾಳೆಯಿಂದಲೇ ತಿದ್ದಿ ಹೊಲಿದ ಮಾದರಿಯದು. ಅದರಲ್ಲಿ ಬಳ್ಳಿ ಅಂಚು ಮುಟ್ಟುತ್ತಿತ್ತು. ಫೋಟೋ ನೋಡಿ ನಂಬಿದವರು ಚೌಕ ಅಳೆದು ಇನ್ನಷ್ಟು ನಂಬುತ್ತಿದ್ದರು. ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಿದ್ದ ಅಕ್ಕನಿಗಂತೂ ಎಲ್ಲ ಚೆಂದವೇ.

"ಎಷ್ಟು ಬಟ್ಟೆ ಹಾಳು ಮಾಡಿದ್ರೋ ಏನೋ," ಎಂದಳು. ಕಣ್ಣು ತುಂಬಿತ್ತು. "ಬಾರೋ ಮನೆಗೆ."

ಈಗ ಹೇಳಲೂ ಆಗದು, ಬಿಡಲೂ ಆಗದು. ರೇಡಿಯೊ ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ನಡೆದ. ಅಕ್ಕ ಮೂಲ ಫೈಲ್ ತೆರೆದು ಟಿಕ್ ತೆಗೆದಳು, ಬಳ್ಳಿಯನ್ನು ನಿಜ ಅಳತೆಯಲ್ಲೇ ಎ-ಫೋರ್ ಪುಟಕ್ಕೆ ತಂದಳು. ಈ ಸಲ ಚೌಕವನ್ನು ಬಳ್ಳಿಯ ಜೊತೆಗೇ ಬಿಡಿಸಿದಳು. ಕುಗ್ಗಿದರೆ ಎರಡೂ ಒಟ್ಟಿಗೆ ಕುಗ್ಗಲಿ ಎಂದು. ಅವನು ಓಡಿಹೋಗಿ ಪ್ರಿಂಟ್ ತಂದ. ರಿಂಗಿಟ್ಟರೆ ಎಲೆಗಳು ಅಂಚಿಗೆ ಹತ್ತಿಕೊಂಡು ನಿಂತವು. ಹಳೆಯ ಫೈಲ್ ಅಳಿಸಿ, ಹೊಸದು ಹಾಕಿ, ಕೊಂಡವರಿಗೆಲ್ಲ 'ದಯವಿಟ್ಟು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಿ, ತಪ್ಪು ನನ್ನದು' ಎಂದು ಬರೆದಳು.

ಇನ್ನು ಟೀಚರು. "ನೀನೇ ಮಾತಾಡೋ, ನನ್ಗೆ ಅಳು ಬರುತ್ತೆ."

"ನಾನಾ? ಬೇಡಕ್ಕಾ... ನನ್ನ ದನಿ ಸರಿಯಿಲ್ಲ."

ಅಕ್ಕನೇ ಸ್ಪೀಕರ್ ಹಾಕಿ ಡಯಲ್ ಮಾಡಿದಳು. "ಮೇಡಂ, ನೀವು ಫೋನಲ್ಲಿ ಹೇಳಿದ್ದು ನಿಜ. ಬಳ್ಳಿ ಚಿಕ್ಕದಾಗಿತ್ತು. ಸರಿಮಾಡಿ ಹಾಕಿದ್ದೀನಿ. ಬಟ್ಟೆ ತುಂಬಾ ಹಾಳಾಯ್ತಾ?"

"ನಾನು ಯಾವಾಗಮ್ಮಾ ಹೇಳ್ದೆ? ಇವತ್ತು ನಾನು ಫೋನೇ ಮಾಡಿಲ್ಲ. ಪ್ರಿಂಟು ಇನ್ನೂ ತೆಗೆದೇ ಇಲ್ಲ, ಸಾಯಂಕಾಲ ತೆಗೆಸೋಣ ಅಂತಿದ್ದೆ. ಅರ್ಥ ಆಯ್ತಾ?"

ಅಕ್ಕ ತಲೆಯೆತ್ತಿದಳು. ರೇಡಿಯೊ ಬಾಗಿಲ ಹತ್ತಿರ ತಲುಪಿದ್ದ.

"ನಿಲ್ಲೋ ಅಲ್ಲೇ!"

ನಿಂತ. ಅಕ್ಕ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. "ಮೇಡಂ, ಇಲ್ಲಿ ಇನ್ನೊಬ್ರು ಮೇಡಂ ಇದ್ದಾರೆ. ಅವರೇ ಹೇಳಿದ್ದು. ಮಾತಾಡಿ ಮೇಡಂ, ಬೆಳಿಗ್ಗೆ ಮಾತಾಡಿದ ಹಾಗೇ!"

ತಪ್ಪಿಸಿಕೊಳ್ಳುವಂತಿರಲಿಲ್ಲ. ರೇಡಿಯೊ ಮೂಗಿನಲ್ಲೇ, ಮೆಲ್ಲಗೆ, "ರಿಂಗಿನ ಮಧ್ಯ ಮುದುರಿಕೊಂಡು ಕೂತಿದೆ... ಅರ್ಥ ಆಯ್ತಾ?" ಎಂದ.

ಬ್ಯಾಚೂ ಹೋಯಿತು, ಮಾನವೂ ಹೋಯಿತು ಎಂದುಕೊಂಡಳು ಅಕ್ಕ.

"ಏನಮ್ಮಾ ಇದು?" ಬಂತು ಟೀಚರ ಮೂಗಿನ ದನಿ. "ನಾನು ಹೀಗಾ ಮಾತಾಡ್ತೀನಿ? ಒಂಚೂರೂ ಹೋಲಿಕೆ ಇಲ್ಲ! ಹೊಸ ಫೈಲು ಡೌನ್‌ಲೋಡ್ ಮಾಡ್ಕೋತೀನಿ. ಆ ಹುಡುಗನ್ನ ಮಾತ್ರ ಕ್ಲಾಸಿಗೆ ಕಳಿಸ್ಬೇಡಿ. ಅರ್ಥ ಆಯ್ತಾ?"

ರೇಡಿಯೊ ಫಕ್ಕನೆ ನಕ್ಕ. ಆ ಕಡೆ ಟೀಚರೂ ಕಿಸಕ್ಕೆಂದರು. ಅಕ್ಕನಂತೂ ರಿಂಗನ್ನು ಮಡಿಲಿಗೆ ಹಾಕಿಕೊಂಡು ನೆಲದ ಮೇಲೆ ಕೂತು, ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವಷ್ಟು ಜೋರಾಗಿ ನಕ್ಕಳು.