ಬೂದು ಬಣ್ಣದ ಕೆಳಗೆ

ಆ ಮುದ್ರಣಾಲಯದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಭೂತಗನ್ನಡಿ. ಅಚ್ಚಾದ ಹಾಳೆಯ ಮೇಲೆ ಇಟ್ಟು ಚುಕ್ಕಿಗಳನ್ನು ನೋಡುವ ಪುಟ್ಟ ಗಾಜೊಂದು ದಾರದಲ್ಲಿ ಅವನ ಕತ್ತಿನಲ್ಲಿ ಹಗಲೆಲ್ಲ ನೇತಾಡುತ್ತಿತ್ತು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅನ್ನದಲ್ಲಿ ಕಲ್ಲು ಹುಡುಕೋಕೆ ಇರಬೇಕು ಎಂದು ಮಷೀನಿನವರು ಆಡಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಒಂದೇ: ಗಿರಾಕಿಗಳು ಕಂಪ್ಯೂಟರಿನಲ್ಲಿ ಮಾಡಿ ತಂದ ಚಿತ್ರಗಳನ್ನು ಅಚ್ಚಿನ ಪ್ಲೇಟಿಗೆ ಹೋಗುವ ಮುಂಚೆ ಕಾಗದಕ್ಕೆ ಒಗ್ಗಿಸುವುದು.

ಒಗ್ಗಿಸುವುದು ಎಂದರೆ ಅರ್ಧ ಭಾಗ ಬೈಸಿಕೊಳ್ಳುವುದು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದ ಶಾಯಿಯಿಂದ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಈ ನಾಲ್ಕನ್ನು ಹೇಗೆ ಬೆರೆಸಿದರೂ ಪರದೆಯಲ್ಲಿ ಕಣ್ಣು ಕುಕ್ಕುವ ಕೆಲವು ನೀಲಿ, ಕೆಲವು ಹಸಿರು ಕಾಗದದ ಮೇಲೆ ಬರುವುದೇ ಇಲ್ಲ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಮೊಬೈಲು ಹಿಡಿದುಕೊಂಡು ಬಂದು, ಇದರಲ್ಲಿ ಹೀಗಿದೆ, ನಿಮ್ಮದರಲ್ಲಿ ಯಾಕೆ ಹಾಗಿದೆ ಎಂದು ಜಗಳ ತೆಗೆಯುವವರಿಗೇನು ಬರವೇ? ಹಾಗಾಗಿ ಅವನು ಒಂದು ಅಭ್ಯಾಸ ಮಾಡಿಕೊಂಡಿದ್ದ. ಯಾವ ಚಿತ್ರ ತೆರೆದರೂ ಮೊದಲು ಎಚ್ಚರಿಕೆಯ ಕೀಲಿ ಒತ್ತುವುದು. ಒತ್ತಿದ ಕೂಡಲೇ, ಅಚ್ಚಿನಲ್ಲಿ ಬರಲಾರದ ಬಣ್ಣಗಳಿದ್ದ ಜಾಗವೆಲ್ಲ ಪರದೆಯ ಮೇಲೆ ಬೂದು ಬಣ್ಣದಿಂದ ಮುಚ್ಚಿಕೊಳ್ಳುತ್ತಿತ್ತು. ಚಿತ್ರ ಆಮೇಲೆ, ರೋಗ ಮೊದಲು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ.

ಅಕ್ಕನ ಪುಸ್ತಕ ಬಂದದ್ದು ಇಂಥವನ ಕೈಗೆ.

ಅಕ್ಕ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಎರಡು ಗಂಟೆ ಪ್ರಯಾಣದಷ್ಟು ದೂರದಲ್ಲಿದ್ದಳು. ಮಾತಿನಲ್ಲಿ ಅದಕ್ಕಿಂತ ದೂರ. ಎರಡು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿ ಈಗಲೇ ಬಾ ಎಂದಿದ್ದಳು. ಅವತ್ತು ಮಷೀನಿನ ಮೇಲೆ ಒಂದು ಬಣ್ಣದ ಕೆಲಸ ಓಡುತ್ತಿತ್ತು. ಕೆಂಪು ಬಣ್ಣ ಹಾಳೆಯಿಂದ ಹಾಳೆಗೆ ಬದಲಾಗುತ್ತಿತ್ತು. ಇದೊಂದು ಸರಿಮಾಡಿ ಹೊರಡುತ್ತೇನೆ ಎಂದ ಭೂತಗನ್ನಡಿ ಮಧ್ಯಾಹ್ನದವರೆಗೆ ಹಾಳೆ ನೋಡುತ್ತ ನಿಂತ. ಅವನು ಆಸ್ಪತ್ರೆ ಮುಟ್ಟುವ ಅರ್ಧ ಗಂಟೆ ಮುಂಚೆ ಅಮ್ಮ ಹೋಗಿದ್ದಳು. ಬಾಗಿಲಲ್ಲೇ ನಿಂತಿದ್ದ ಅಕ್ಕ ಕೇಳಿದ್ದು ಎರಡೇ ಮಾತು: "ಬಣ್ಣ ಸರಿಯಾಯ್ತಾ?"

ಅವಳು ಕೂಗಾಡಿದ್ದರೆ ಅವನು ಕಾಲು ಹಿಡಿದಾದರೂ ಕ್ಷಮೆ ಕೇಳುತ್ತಿದ್ದನೇನೋ. ಆ ಎರಡು ಮಾತು ಅವನ ಬಾಯಿ ಕಟ್ಟಿಹಾಕಿತು. ಆಮೇಲೆ ಫೋನುಗಳೇನೋ ನಡೆದವು. ಆರೋಗ್ಯ, ಮಳೆ, ಅಮ್ಮನ ಪೆಟ್ಟಿಗೆಯ ಕೀಲಿ ಎಲ್ಲಿದೆ, ಇಂಥವು. ತಪ್ಪಾಯ್ತು ಎಂಬ ಒಂದು ಮಾತನ್ನು ಅವನು ಬಾಯಿಗೆ ತಂದುಕೊಂಡು ಎಷ್ಟು ಸಲ ನುಂಗಿದ್ದಾನೋ ಲೆಕ್ಕವಿಲ್ಲ. ಹಾಗಿರುವಾಗ, ಇದ್ದಕ್ಕಿದ್ದಂತೆ ಅಕ್ಕನೇ ಫೋನ್ ಮಾಡಿ, ಈಜು ಕಲಿಯುವ ಒಬ್ಬ ಹುಡುಗಿಯ ಪುಸ್ತಕ ಮಾಡಿದ್ದೇನೆ, ಪ್ರಕಾಶಕರಿಗೆ ನಿಮ್ಮಲ್ಲೇ ಅಚ್ಚಾಗಬೇಕು ಅಂತ ನಾನೇ ಹೇಳಿದೆ ಎಂದಳು.

ಮುದ್ರಣಾಲಯದಲ್ಲಿ ಒಂದು ಕಟ್ಟುನಿಟ್ಟಿತ್ತು. ಕಾಗದದ ಪ್ರೂಫು ತೆಗೆದು, ಗಿರಾಕಿಯ ಎದುರಿಗಿಟ್ಟು, ಸಹಿ ಹಾಕಿಸಿಕೊಳ್ಳದೆ ಪ್ಲೇಟು ಮಾಡುವಂತಿಲ್ಲ. ಯಜಮಾನರ ಮಗಳ ಮದುವೆಯ ಕರೆಯೋಲೆಗೂ ಯಜಮಾನರೇ ಸಹಿ ಹಾಕಿದ್ದರು. ಪ್ರೂಫಿಗೆ ಯಾವತ್ತು ಬರುತ್ತೀ ಎಂದು ಭೂತಗನ್ನಡಿ ಕೇಳಿದಾಗ ಅಕ್ಕ ಬರುವುದಿಲ್ಲ ಎಂದಳು.

"ನಿನ್ನ ಕಣ್ಣು ಸಾಕು ಕಣೋ. ಒಂದೊಂದು ಪುಟಾನೂ ನಿಧಾನವಾಗಿ ನೋಡು, ಅಷ್ಟೇ. ನಡುವಿನ ಪುಟ ಅಂತೂ ಚೆನ್ನಾಗಿ ನೋಡು."

ಅವನಿಗೆ ಆಕಾಶ ಮೂರೇ ಗೇಣು ಉಳಿಯಿತು. ನಿನ್ನ ಕಣ್ಣು ಸಾಕು ಎಂದರೆ ನಿನ್ನ ಮೇಲೆ ನಂಬಿಕೆ ಇದೆ ಎಂದಲ್ಲವೇ? ಈ ಪುಸ್ತಕ ಅಕ್ಕ ಬರೆದ ಹಾಗೇ ಕಾಗದಕ್ಕೆ ಇಳಿಯಬೇಕು. ಇಳಿದರೆ ನಮ್ಮಿಬ್ಬರ ನಡುವಿನ ಗಂಟು ತಾನಾಗಿ ಸಡಿಲವಾಗುತ್ತದೆ ಎಂದುಕೊಂಡ. ಒಳ್ಳೆಯ ಕೆಲಸ ಮಾಡಿ ತೋರಿಸಿದರೆ ಆಡಬೇಕಾದ ಮಾತು ಆಡದೆಯೂ ನಡೆಯುತ್ತದೆ ಎಂದು ನಂಬುವ ಗಂಡಸರ ಪೈಕಿ ಇವನೂ ಒಬ್ಬ.

ಹುಡುಗಿ, ಅವಳ ಹಳದಿ ಉಡುಪು, ಮರಳು, ಮೆಟ್ಟಿಲು ಎಲ್ಲವೂ ತಕರಾರಿಲ್ಲದೆ ಕಾಗದಕ್ಕೆ ಒಗ್ಗಿದವು. ನಡುವಿನ ಜೋಡಿ ಪುಟ ತೆರೆದು ಎಂದಿನಂತೆ ಎಚ್ಚರಿಕೆಯ ಕೀಲಿ ಒತ್ತಿದ. ಎರಡು ಪುಟದ ತುಂಬ ನೀರು. ಮೇಲೆ ಮೂಲೆಯಲ್ಲಿ ಕೈಕಾಲು ಬಡಿಯುತ್ತಿರುವ ಹುಡುಗಿ. ಅವಳ ಕಾಲ ಕೆಳಗಿನ ನೀರೆಲ್ಲ ಒಂದೇ ಸಮನೆ ಬೂದಾಗಿ ಹೋಯಿತು. ಅಂಥ ನೀಲಿ! ಅಕ್ಕ ಪರದೆ ಕೊಟ್ಟಷ್ಟನ್ನೂ ಬಾಚಿಕೊಂಡಿದ್ದಳು.

ಶಾಯಿಯ ಮಿತಿಯಿಂದ ಹೊರಗುಳಿದ ಬಣ್ಣಗಳನ್ನು ಒಳಗೆ ತರಲು ಅವನ ಬಳಿ ಮುಖ್ಯವಾಗಿ ಎರಡು ದಾರಿ ಇದ್ದವು. ಒಂದರಲ್ಲಿ, ಗುಂಪಿನ ಫೋಟೋಗೆ ಎಲ್ಲರೂ ಸ್ವಲ್ಪ ಸ್ವಲ್ಪ ಒತ್ತಿಕೊಂಡು ನಿಲ್ಲುವ ಹಾಗೆ, ಎಲ್ಲ ಬಣ್ಣಗಳೂ ಒಂದಿಷ್ಟು ಮಂಕಾಗಿ ಒಳಕ್ಕೆ ಸರಿಯುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಹೆಚ್ಚುಕಡಿಮೆ ಉಳಿಯುತ್ತದೆ. ಇನ್ನೊಂದರಲ್ಲಿ, ಒಳಗಿದ್ದವು ಇದ್ದಲ್ಲೇ ಇರುತ್ತವೆ. ಹೊರಗಿದ್ದವನ್ನು ಮಾತ್ರ ಎಳೆದು ಹತ್ತಿರದ ಗಡಿಯ ಮೇಲೆ ಕೂರಿಸುತ್ತಾರೆ. ಬಣ್ಣ ಸಾಧ್ಯವಾದಷ್ಟು ಗಾಢವಾಗಿ ಉಳಿಯುತ್ತದೆ. ಆದರೆ ಹೊರಗೆ ಬೇರೆಬೇರೆಯಾಗಿದ್ದ ಎರಡು ನೀಲಿಗಳು ಗಡಿಗೆ ಬಂದಾಗ ಒಂದೇ ಆಗಿಬಿಡಬಹುದು. ಇದೆಲ್ಲ ಅವನಿಗೆ ಕರತಲಾಮಲಕ. ಆದರೂ ಅವನು ಎರಡನೆಯ ದಾರಿ ಹಿಡಿದ. ಅಕ್ಕನ ನೀಲಿ ಮಂಕಾಗುವುದನ್ನು ನೋಡಲು ಅವನಿಗೆ ಮನಸ್ಸು ಬರಲಿಲ್ಲ.

ಬದಲಾಯಿಸಿದ ಮೇಲೆ ನೀಲಿ ನೇರಳೆಯ ಕಡೆ ವಾಲಿತು. ಅದರ ಜಾಯಮಾನವೇ ಅದು. ಮೆಜೆಂಟಾವನ್ನು ತುಸು ತುಸುವೇ ಇಳಿಸಿ, ಸಯಾನನ್ನು ನೂರಕ್ಕೆ ನೂರು ಕಾಯ್ದುಕೊಂಡು, ಹುಡುಗಿಯ ಪಾದದ ಹತ್ತಿರದ ಅಂಗೈಯಗಲ ನೀರನ್ನು ದೊಡ್ಡದು ಮಾಡಿಕೊಂಡು, ಮೂಲದ ಅದೇ ತುಣುಕಿನ ಪಕ್ಕದಲ್ಲಿಟ್ಟು ಒಂದು ದಿನ ಪೂರ್ತಿ ತಿದ್ದಿದ. ಪ್ರೂಫು ತೆಗೆದ. ನಾಲ್ಕು ಶಾಯಿಯಲ್ಲಿ ಇದಕ್ಕಿಂತ ಒಳ್ಳೆಯ ನೀಲಿ ತೆಗೆದವನಿದ್ದರೆ ತೋರಿಸಲಿ ಎಂಬಂತಿತ್ತು. ಗಿರಾಕಿಯ ಸಹಿಯ ಜಾಗದಲ್ಲಿ ತಾನೇ ಸಹಿ ಹಾಕಿದ. ನಮ್ಮಕ್ಕನದೇ ತಾನೆ ಎಂದ. ಮೂರು ಸಾವಿರ ಪ್ರತಿ ಅಚ್ಚಾಗಿ, ಹೊಲಿಗೆಯಾಗಿ, ಕಟ್ಟುಗಳಾಗಿ ನಿಂತವು.

ಪುಸ್ತಕಗಳು ಶಾಲೆಗಳಿಗೆ ಹೊರಡುವ ಹಿಂದಿನ ದಿನ ಅಕ್ಕ ಬಂದಳು. ಮಧ್ಯಾಹ್ನ, ಮಷೀನು ಊಟದ ವಿರಾಮಕ್ಕೆ ನಿಂತಿತ್ತು. ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು. ಅಂಥ ಮುಖವನ್ನು ಅವನು ನೋಡಿ ಬಹಳ ದಿನವಾಗಿತ್ತು. ಕೂರುವ ಮೊದಲೇ ನಡುವಿನ ಪುಟ ನೋಡಿದ್ಯಾ ಎಂದು ಕೇಳಿದಳು. ನೋಡದೆ ಉಂಟೇ, ಒಂದು ದಿನ ಪೂರ್ತಿ ಅದರ ಮುಂದೇ ಕೂತಿದ್ದೆ ಎಂದ. ಅವಳ ಕಣ್ಣು ತುಂಬಿಕೊಂಡವು. ಅವನ ಕೈ ಹಿಡಿದುಕೊಂಡಳು. ಅಷ್ಟು ಹೊತ್ತು, ಬರೀ ಅಷ್ಟು ಹೊತ್ತು, ಅವನಿಗೆ ಎಲ್ಲವೂ ಸರಿಹೋಯಿತೆನಿಸಿತು.

ಆಮೇಲೆ ಅವಳು ಕಟ್ಟಿನ ಮೇಲಿನ ಪ್ರತಿ ತೆಗೆದು ನಡುವಿನ ಪುಟ ಬಿಡಿಸಿದಳು. ಕಿಟಕಿಯ ಹತ್ತಿರ ಒಯ್ದಳು. ಬೆಳಕಿಗೆ ಓರೆಯಾಗಿ ಹಿಡಿದಳು. ಇನ್ನೊಂದು ಪ್ರತಿ ತೆಗೆದಳು, ಮತ್ತೊಂದು. ಅವನು ಅಷ್ಟರಲ್ಲಿ, ಈ ನೀಲಿ ನೇರಳೆಗೆ ತಿರುಗುತ್ತಿತ್ತು, ಮೆಜೆಂಟಾ ಇಳಿಸಿ ಹೇಗೆ ಉಳಿಸಿಕೊಂಡೆ ಗೊತ್ತೇ ಎಂದು ವಿವರಿಸುತ್ತಿದ್ದ. ಅವಳು ತಿರುಗಿದಳು.

"ಇಲ್ಲಿ ಅಮ್ಮ ಇದ್ಲು," ಎಂದಳು ಅಕ್ಕ.

ಅವನು ಓಡಿದ ಹಾಗೆ ಹೋಗಿ ಮೂಲ ಚಿತ್ರವನ್ನು ತೆರೆದ. ಬೆರಳು ಅಭ್ಯಾಸದಂತೆ ಎಚ್ಚರಿಕೆಯ ಕೀಲಿಯ ಕಡೆಗೇ ಹೋಯಿತು. ನೀರೆಲ್ಲ ಬೂದಾಯಿತು. ಅಕ್ಕ ಹಿಂದೆ ನಿಂತು, ಇದೇನು ಇದು, ತೆಗಿ ಎಂದಳು. ಅವನು ತೆಗೆದ.

ನೀಲಿಯೊಳಗೆ ಅದಕ್ಕಿಂತ ಒಂದು ಕೂದಲೆಳೆ ಹೊಳಪಾದ ನೀಲಿಯಲ್ಲಿ ಅಮ್ಮ ಈಜುತ್ತಿದ್ದಳು. ಹುಡುಗಿಯ ಕೆಳಗೆ, ಎರಡು ಪುಟದುದ್ದ, ಕೂದಲು ಬಿಚ್ಚಿಕೊಂಡು, ಒಂದು ಕೈ ಮೇಲಕ್ಕೆ ಚಾಚಿ. ಅಂಗಾಲಿನ ಬಿರುಕು ಕೂಡ ಇತ್ತು. ಸುಮ್ಮನೆ ಪುಟ ತಿರುಗಿಸುವವರಿಗೆ ಕಾಣುವಂತಿರಲಿಲ್ಲ. ಒಂದು ನಿಮಿಷ ನಿಂತು ನೋಡಿದವರಿಗೆ ಕಾಣದಿರುವಂತೆಯೂ ಇರಲಿಲ್ಲ. ಇಬ್ಬರಿಗೂ ಈಜು ಕಲಿಸಿದವಳು ಅಮ್ಮನೇ. ಹಾಗೆಯೇ ಕೆಳಗಿನಿಂದ ಕೈ ಚಾಚಿ, ಮುಟ್ಟದೆ, ಮುಳುಗಿದರೆ ಹಿಡಿಯುವಷ್ಟು ಹತ್ತಿರ ಇರುತ್ತಿದ್ದಳು. ದಿನವಿಡೀ ಚುಕ್ಕಿ ಎಣಿಸುವ ಭೂತಗನ್ನಡಿಗೆ ಅಷ್ಟು ದೊಡ್ಡ ಅಮ್ಮ ಕಂಡಿರಲಿಲ್ಲ. ಅವನು ನೋಡಿದ್ದು ಬೂದು ಬಣ್ಣವನ್ನು, ಆಮೇಲೆ ಪಾದದ ಹತ್ತಿರದ ಅಂಗೈಯಗಲ ನೀರನ್ನು. ಎರಡು ನೀಲಿಗಳನ್ನೂ ಎಳೆದು ಒಂದೇ ಗಡಿಯ ಮೇಲೆ ಕೂರಿಸಿದ್ದು ಅವನದೇ ಕೈ.

ಇನ್ನೊಂದು ದಾರಿಯಲ್ಲಿ ಬದಲಾಯಿಸಿ ನೋಡಿದ. ನೀರು ಮಂಕಾಯಿತು, ಪುಟವೆಲ್ಲ ಒಂದಿಷ್ಟು ಸಪ್ಪೆಯಾಯಿತು. ಅಮ್ಮ ಉಳಿದಳು. ತೆಳ್ಳಗೆ, ಮಸುಕಾಗಿ, ಆದರೂ ಚಾಚಿದ ಕೈಯ ಸಮೇತ ಉಳಿದಳು. ಇಷ್ಟು ಸುಲಭವಿತ್ತೇ! ಒಂದು ಪ್ರೂಫನ್ನು ಅಕ್ಕನ ಮುಂದಿಟ್ಟಿದ್ದರೆ ಸಾಕಿತ್ತು. ಈ ಪುಟವಿರುವ ಹಾಳೆಯನ್ನಷ್ಟೇ ಮತ್ತೆ ಅಚ್ಚು ಹಾಕಿಸುತ್ತೇನೆ, ಹೊಲಿಗೆ ಬಿಚ್ಚಿಸುತ್ತೇನೆ, ಯಜಮಾನರ ಕಾಲಿಗೆ ಬೀಳುತ್ತೇನೆ ಎಂದು ಬಡಬಡಿಸಿದ.

ಅಕ್ಕ ಬೇಡ ಎಂದಳು. ನಾಳೆ ಮಕ್ಕಳ ಕೈಗೆ ಹೋಗಬೇಕು. ಅವರಿಗೆ ಈ ನೀಲಿ ಸಾಕು, ಚೆನ್ನಾಗಿಯೇ ಇದೆ ಎಂದಳು. ಅಮ್ಮನನ್ನು ಬರೆದದ್ದು ಅವರಿಗಾಗಿ ಅಲ್ಲ, ನಿನಗಾಗಿ. ಅವತ್ತು ಸಿಗದವಳು ಕೆಲಸ ಮಾಡುತ್ತ ಕೂತಾಗ ನಿನಗೇ ಸಿಗಲಿ ಅಂತ, ಅದಕ್ಕೇ ಪ್ರೂಫಿಗೂ ಬರಲಿಲ್ಲ ಎಂದಳು. ಈಗ ತೋರಿಸಿಬಿಟ್ಟೆನಲ್ಲ, ಇನ್ನು ಅದು ಸಿಕ್ಕಿದ ಹಾಗಲ್ಲ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಸಿಟ್ಟಾದರೂ ಇರಬಾರದಿತ್ತೇ ಎಂದು ಅವನಿಗೆ ಅನಿಸಿತು.

ಹೊರಗೆ ಮಷೀನು ಮತ್ತೆ ಶುರುವಾಯಿತು. ಎರಡು ವರ್ಷ ನುಂಗಿದ ಮಾತು ಅವನ ಬಾಯಿಗೆ ಬಂತು. ಈ ಸಲ ನುಂಗಲು ಆಗಲಿಲ್ಲ.

"ತಪ್ಪಾಯ್ತು ಅಕ್ಕ. ಅವತ್ತು ನೀನು ಕರೆದಾಗ್ಲೇ ಬರಬೇಕಿತ್ತು ನಾನು."

ಅಕ್ಕ ಪುಸ್ತಕ ಮುಚ್ಚಿ ಕಟ್ಟಿನ ಮೇಲಿಟ್ಟಳು. ಅಂಚು ಸರಿಯಾಗಿ ಕೂರುವವರೆಗೂ ಬೆರಳಿನಿಂದ ತಟ್ಟಿದಳು.

"ನೀನು ಅದನ್ನ ಹೇಳೋ ಅಗತ್ಯಾನೇ ಬೀಳಬಾರದು ಅಂತಲೇ ಕಣೋ ಅವಳನ್ನ ಅಲ್ಲಿ ಬರೆದಿದ್ದು," ಎಂದಳು.