ಹದಿನಾಲ್ಕನೇ ಪ್ರಶ್ನೆಗೆ ಏಲಮ್ಮ ಕೊಟ್ಟ ಉತ್ತರ

ನಾನು ಸುಳ್ಳು ಹೇಳೋದರಲ್ಲಿ ನಮ್ಮ ಪಾಲಾ ಊರಿನ ಕಡೆಯಲ್ಲೆಲ್ಲ ಹೆಸರುವಾಸಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ವರ್ಕಿ ಮೋಸ ಮಾಡಿದ ಅನ್ನಬಾರದು. ಹದಿನಾರು ವರ್ಷದ ಹಿಂದೆ ಕುಡಿತ ಬಿಡೋಕೆ ಈ ಕೇಂದ್ರಕ್ಕೆ ಬಂದಾಗ, ಮೂರನೇ ದಿನ ನನ್ನ ಮಂಚದ ಪಕ್ಕದ ಸ್ವಿಚ್ ಬೋರ್ಡಿನಿಂದ ಒಂದು ಆನೆ ಹೊರಗೆ ಬಂತು. ಸೊಂಡಿಲು ಬಂತು, ಕಾಲು ಬಂತು, ದೇಹ ಪೂರ್ತಿ ಬಂತು, ಬಾಲ ಮಾತ್ರ ಸಿಕ್ಕಿಹಾಕಿಕೊಂಡಿತು. ನಾನೇ ಎದ್ದು ಎಳೆದುಕೊಟ್ಟೆ. ಇದೊಂದು ಸುಳ್ಳಲ್ಲ, ನಿಜವಾಗಿ ನೋಡಿದ್ದು. ಕುಡಿತ ಏಕಾಏಕಿ ನಿಂತರೆ ತಲೆ ಅಂಥದ್ದನ್ನೆಲ್ಲ ತೋರಿಸುತ್ತೆ, ನಾಡಿ ಕುದುರೆ ಥರ ಓಡುತ್ತೆ, ಕೆಲವರು ಅದರಲ್ಲೇ ಹೋಗಿಬಿಡ್ತಾರೆ. ನಾನು ಹೋಗಲಿಲ್ಲ. ಗುಣವಾದ ಮೇಲೆ ಇಲ್ಲೇ ಮೇಜು ಕೊಟ್ಟು ಕೂರಿಸಿದರು, ಬಂದವರ ಫಾರ್ಮು ತುಂಬಿಸೋಕೆ.

ಫಾರ್ಮು ಏಳು ಪುಟ. ಎಷ್ಟು ಕುಡೀತಾನೆ, ಎಷ್ಟು ವರ್ಷದಿಂದ, ಕೊನೇ ಸಲ ಗಂಟಲಿಗೆ ಇಳಿದದ್ದು ಎಷ್ಟು ಗಂಟೆಗೆ, ನಿದ್ದೆ ಮಾತ್ರೆ ಏನಾದರೂ ತಗೊಳ್ತಾನಾ, ಎಲ್ಲ ಅದರಲ್ಲಿ. ರೋಗಿಗೆ ಬೇರೆ ಹಾಳೆ, ಜೊತೆಗೆ ಬಂದ ಮನೆಯವರಿಗೆ ಬೇರೆ ಹಾಳೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬಾರದು. ಗಂಡ ಒಂದು ಗ್ಲಾಸು ಅಂದರೆ ಹೆಂಡತಿ ಒಂದು ಕೊಡ ಅಂತಾಳೆ. ಎರಡನ್ನೂ ಹೇಳಿದ ಹಾಗೇ ಬರೀ, ನಿನ್ನ ತಲೆ ಓಡಿಸಬೇಡ ಅಂತ ಡಾಕ್ಟರ್ ಹರೀಂದ್ರನ್ ನನಗೆ ಹದಿನಾರು ವರ್ಷದಿಂದ ಹೇಳ್ತಾ ಇದ್ದರು.

ಮನೆಯವರ ಹಾಳೆಯಲ್ಲಿ ಹದಿನಾಲ್ಕನೇ ಪ್ರಶ್ನೆ: ಹಿಂದೆ ಯಾವಾಗಲಾದರೂ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದದ್ದುಂಟಾ? ಫಿಟ್ಸ್ ಬಂದವನಿಗೆ ಬಂದದ್ದೇ ನೆನಪಿರಲ್ಲ, ನೋಡಿದವರೇ ಹೇಳಬೇಕು. ಒಂದು ಸಲ ಬಂದವನಿಗೆ ಇನ್ನೊಂದು ಸಲ ಬರೋ ಅಪಾಯ ಜಾಸ್ತಿ. ಅದಕ್ಕೆ ಹೌದು ಅಂತ ಗುರುತು ಬಿದ್ದರೆ ನರ್ಸ್ ಮೇಜಿನ ಪಕ್ಕದ ಕೋಣೆ, ಕಂಬಿ ಇರೋ ಮಂಚ, ಮೊದಲ ಗಂಟೆಯಿಂದಲೇ ಗಡಿಯಾರ ನೋಡಿ ಮಾತ್ರೆ. ಇಲ್ಲ ಅಂತ ಬಿದ್ದರೆ ದೊಡ್ಡ ವಾರ್ಡು, ನಾಲ್ಕು ಗಂಟೆಗೊಮ್ಮೆ ನಡುಕ, ಬೆವರು ನೋಡಿ ಅಂಕ ಹಾಕೋದು. ಅಂಕ ಎಂಟು ದಾಟಿದರೆ ಮಾತ್ರ ಮಾತ್ರೆ.

ಆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಕುರುವಿಳ ಬಂದ. ರಬ್ಬರ್ ಹಾಲು ತೆಗೆಯೋ ಕೆಲಸ, ಐವತ್ತೆರಡು ವಯಸ್ಸು, ಬಿಳಿ ಮುಂಡು, ಮದುವೆ ಮನೆಗೆ ಬಂದವನ ಹಾಗೆ ಇಸ್ತ್ರಿ ಶರ್ಟು. ಜೊತೆಗೆ ಹೆಂಡತಿ ಏಲಮ್ಮ, ಬಟ್ಟೆ ಗಂಟು, ಸೊಂಟದಲ್ಲಿ ಬೀಗದ ಕೈ ಗೊಂಚಲು.

"ಎಷ್ಟು ದಿನ ಇಟ್ಕೊಳ್ತೀರಾ ಚೇಟಾ? ಮುಂದಿನ ತಿಂಗಳು ಹನ್ನೆರಡಕ್ಕೆ ಮಗಳ ನಿಶ್ಚಿತಾರ್ಥ. ಕೈ ನಡುಗದೆ ನಿಂತ್ಕೋಬೇಕು ನಾನು," ಅಂದ ಕುರುವಿಳ.

"ಕೊನೇ ಸಲ ಕುಡಿದದ್ದು?"

"ಏಳು ಗಂಟೆಗೆ. ನಮ್ಮ ಭಾವ ಕ್ವಾರ್ಟರ್ ಕುಡಿಸಿದ ಮೇಲೇ ಜೀಪು ಹತ್ತಿದ್ದು. ಇಲ್ಲಾಂದ್ರೆ ನನ್ನನ್ನ ಎತ್ತೋಕೆ ಕ್ರೇನ್ ಬೇಕಿತ್ತು."

"ದಿನಕ್ಕೆಷ್ಟು?"

"ಸುಮ್ನೆ ಒಂದು ಸ್ವಲ್ಪ." ಆಮೇಲೆ ನನ್ನ ಮುಖ ನೋಡಿ ನಕ್ಕ. "ಮುಕ್ಕಾಲು ಬಾಟ್ಲಿ ರಮ್ಮು ಬರ್ಕೋ. ನಿನ್ನ ಹತ್ರ ಯಾಕೆ ಸುಳ್ಳು, ನೀನು ನನ್ನ ಗುರು."

ಅಂಕ ಹಾಕೋದು ಸಿಸ್ಟರ್ ಆನ್ಸಿಲ್ಲ. ಕನ್ಯಾಸ್ತ್ರೀ, ನರ್ಸೂ ಹೌದು. ಕೈ ಚಾಚು, ಬೆರಳು ಬಿಡಿಸು ಅಂದರು. ಬೆವರು ನೋಡಿದರು, ವಾಕರಿಕೆ ಇದೆಯಾ, ತಲೆನೋವಿದೆಯಾ, ಚರ್ಮದ ಮೇಲೆ ಏನಾದರೂ ಹರಿದ ಹಾಗಾಗುತ್ತಾ, ಇವತ್ತು ಯಾವ ವಾರ ಅಂತೆಲ್ಲ ಕೇಳಿದರು. ಪೂರ್ತಿ ಅಂದರೆ ಅರವತ್ತೇಳು ಅಂಕ. ಕುರುವಿಳನಿಗೆ ಐದು. ಒಳಗೆ ಬೆಳಗಿನ ಕ್ವಾರ್ಟರ್ ಇನ್ನೂ ಉರೀತಾ ಇತ್ತಲ್ಲ, ಐದಲ್ಲದೆ ಇನ್ನೇನು ಬರುತ್ತೆ. ಅದಕ್ಕೇ ಅಂಕವೊಂದನ್ನೇ ನಂಬದೆ ಹಳೇ ಕತೆ ಕೇಳೋದು.

ಈ ಸಿಸ್ಟರ್ ಆನ್ಸಿಲ್ಲ ಯಾರು ಅಂದರೆ, ಕುರುವಿಳನ ಮಗಳನ್ನ ಮಾಡಿಕೊಳ್ಳೋ ಹುಡುಗನ ಸೋದರತ್ತೆ. ಬಂದ ಹೊತ್ತಿಗೇ ಏಲಮ್ಮ ಅವರನ್ನ ಕಂಡು, ಸೆರಗು ಬಾಯಿಗಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದಳು.

ಏಲಮ್ಮನನ್ನ ಒಳಗೆ ಕೂರಿಸಿ ಬಾಗಿಲು ಹಾಕಿದೆ. ಹದಿಮೂರರ ತನಕ ಚೆನ್ನಾಗಿ ಉತ್ತರ ಕೊಟ್ಟಳು. ಹದಿನಾಲ್ಕು ಓದಿದಾಗ ಬೀಗದ ಕೈ ಎಣಿಸೋಕೆ ಶುರುಮಾಡಿದಳು.

"ಈ ಹಾಳೆ ಎಲ್ಲಿಗೆ ಹೋಗುತ್ತೆ?"

"ಡಾಕ್ಟರ್ ಹತ್ರ. ಆಮೇಲೆ ಸಿಸ್ಟರ್ ಹತ್ರ."

"ಹಾಗಾದ್ರೆ ಇಲ್ಲ ಅಂತ ಬರೀರಿ."

"ಇಲ್ಲವೋ, ಇಲ್ಲ ಅಂತ ಬರೆಯೋದೋ ಚೇಚಿ?"

ಆಗ ಹೇಳಿದಳು. ಎರಡು ವರ್ಷದ ಹಿಂದೆ ಈಸ್ಟರಿನ ಮೊದಲಿನ ಐವತ್ತು ದಿನದ ಉಪವಾಸ ಶುರುವಾದಾಗ ಕುರುವಿಳ ಎಲ್ಲರ ಹಾಗೆ ಕುಡಿತ ಬಿಟ್ಟ. ಭಾನುವಾರ ಕಂಠಮಟ್ಟ ಕುಡಿದು ಸೋಮವಾರದಿಂದ ನೀರು. ಮಂಗಳವಾರ ಚರ್ಚಲ್ಲಿ ಪೂಜೆ ಮುಗಿಸಿ ಬಂದವನು ರಬ್ಬರ್ ಹಾಳೆ ಒಣಗಿಸೋ ಹೊಗೆಮನೆ ಹಿಂದೆ ಬಿದ್ದು ಕೈಕಾಲು ಬಡಿದುಕೊಂಡ. ನಾಲಿಗೆ ಕಚ್ಚಿ ರಕ್ತ. ಜನ ಓಡಿಬರೋ ಹೊತ್ತಿಗೆ ಬಡಿತ ನಿಂತಿತ್ತು. ಏಲಮ್ಮ ಬಾಯಿ ಒರೆಸಿ, "ತುತ್ತು ಅನ್ನ ಮುಟ್ಟಿಲ್ಲ ಎರಡು ದಿನದಿಂದ, ನಿಶ್ಶಕ್ತಿ" ಅಂದುಬಿಟ್ಟಳು. ಮುಂದಿನ ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ, ನಮ್ಮ ಮಧ್ಯೆಯೇ ಒಬ್ಬರು ಪ್ರಜ್ಞೆ ತಪ್ಪೋ ತನಕ ಉಪವಾಸ ಮಾಡ್ತಾರೆ, ನೀವು ಮೀನು ಬಿಡೋಕೂ ಅಳ್ತೀರಿ ಅಂದರಂತೆ. ಹುಡುಗನ ಮನೆಯವರು ಸಂಬಂಧ ಕೇಳಿಕೊಂಡು ಬಂದದ್ದೂ ಆ ಪ್ರಸಂಗ ಕೇಳಿದ ಮೇಲೇ.

"ಕುಡುಕನ ಮಗಳನ್ನ ಮಾಡ್ಕೊಳ್ತಾರೆ ವರ್ಕಿಚ್ಚಾಯ. ನಮ್ಮ ಕಡೆ ಯಾರ ಅಪ್ಪ ಕುಡಿಯಲ್ಲ? ಅಪಸ್ಮಾರದವನ ಮಗಳನ್ನ ಯಾರು ಮಾಡ್ಕೊಳ್ತಾರೆ?"

"ಅದು ಅಪಸ್ಮಾರ ಅಲ್ಲ ಚೇಚಿ. ಕುಡಿತ ಬಿಟ್ಟದ್ದಕ್ಕೆ ಬಂದದ್ದು."

"ನಿಮಗೆ ಗೊತ್ತು. ಅವರ ಮನೆಯವರಿಗೆ?" ಅಂತ ಬಾಗಿಲ ಕಡೆ ಕಣ್ಣು ತೋರಿಸಿದಳು.

ನಿಜ ಹೇಳ್ತೀನಿ, ಆ ಹೊತ್ತಿನಲ್ಲಿ ನನಗೆ ಕುರುವಿಳ ನೆನಪಿರಲಿಲ್ಲ. ಆ ಸುಳ್ಳಿನ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ನಲವತ್ತು ವರ್ಷ ಹೇಳಿಯೂ ನನ್ನದೊಂದು ಸುಳ್ಳು ಪ್ರಸಂಗಪೀಠ ಹತ್ತಲಿಲ್ಲ. ಇವಳದ್ದು ಒಂದೇ ಮಾತಿಗೆ ಹತ್ತಿ, ಮಗಳಿಗೆ ಗಂಡನ್ನೂ ತಂದಿತ್ತು. ಕಸುಬಿನವನು ಇನ್ನೊಬ್ಬ ಕಸುಬಿನವರಿಗೆ ಕೊಡೋ ಮರ್ಯಾದೆ ಅಂತ ಇರುತ್ತಲ್ಲ. 'ಇಲ್ಲ' ಅನ್ನೋ ಚೌಕದಲ್ಲಿ ಗುರುತು ಹಾಕಿದೆ. ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಚಿಕ್ಕದು ಅದು, ಅಕ್ಕಿ ಕಾಳಿನಷ್ಟು.

ಕುರುವಿಳನಿಗೆ ದೊಡ್ಡ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ. ವಿಟಮಿನ್ ಸೂಜಿ ಹಾಕಿದರು. ಸಂಜೆ ಅಂಕ ಹತ್ತು ಬಂತು, ಮಾತ್ರೆ ಕೊಟ್ಟರು. ಬೆಳಿಗ್ಗೆ ಅಂಕ ಏಳು. ಏಳು ಹೇಗೆ ಬಂತು ಅಂದರೆ, ಸಿಸ್ಟರ್ ಬರೋ ಮೊದಲು ಮುಖ ತೊಳೆದು ಬೆವರು ಒರೆಸಿಕೊಂಡು, ತಲೆನೋವಿಲ್ಲ, ವಾಕರಿಕೆ ಇಲ್ಲ, ಏನೂ ಇಲ್ಲ ಅಂತ ಹಲ್ಲು ಕಿರಿದಿದ್ದ. ಬೀಗರ ಮನೆಯವರ ಮುಂದೆ ಯಾವ ಗಂಡಸು ನರಳ್ತಾನೆ?

ಡಾಕ್ಟರ್ ಹತ್ತಕ್ಕೆ ಬಂದು ನಾಡಿ ಹಿಡಿದರು, ಬಿಪಿ ನೋಡಿದರು. ಮುಖ ಸರಿಯಿರಲಿಲ್ಲ. ನೇರ ನನ್ನ ಮೇಜಿಗೆ ಬಂದರು.

"ವರ್ಕೀ, ಅಂಕ ಏಳು, ನಾಡಿ ನೂರಹದಿನೆಂಟು. ಏನೋ ತಾಳೆ ಆಗ್ತಿಲ್ಲ. ಹೆಂಡತಿ ಬೇರೇನಾದರೂ ಹೇಳಿದರಾ? ಹಿಂದೆ ಬಿದ್ದದ್ದು, ಗಿದ್ದದ್ದು?"

ಇನ್ನೂ ಹೊತ್ತಿತ್ತು. ಬಾಯಿ ತೆಗೆದಿದ್ದರೆ ಸಾಕಿತ್ತು. ಡಾಕ್ಟರ ಹಿಂದೆ ಸಿಸ್ಟರ್ ಆನ್ಸಿಲ್ಲ ಮಾತ್ರೆ ತಟ್ಟೆ ಹಿಡಿದು ನಿಂತಿದ್ದರು. ಬಾಯಿ ತೆಗೆದೆ, ಅದರಿಂದ ಅಭ್ಯಾಸದ ಸರಕೇ ಹೊರಗೆ ಬಂತು.

"ಬಿದ್ದದ್ದುಂಟು ಡಾಕ್ಟ್ರೇ, ಭಕ್ತಿಯಿಂದ. ಉಪವಾಸ ಮಾಡಿ ಮಾಡಿ ಎಷ್ಟು ಹಗುರಾದ ಅಂದ್ರೆ, ಫ್ಯಾನ್ ಹಾಕಿದ್ರೆ ಮೇಲೇಳ್ತಿದ್ದನಂತೆ. ಪಾದ್ರಿಗಳು ಕಾಲಿಗೆ ಬೈಬಲ್ ಕಟ್ಟಿ ಕೂರಿಸ್ತಿದ್ರು."

ಸಿಸ್ಟರ್ ನಕ್ಕರು. ಡಾಕ್ಟರೂ ನಕ್ಕರು. "ನಿನ್ನ ಕೇಳಿದ್ದು ನನ್ನ ತಪ್ಪು," ಅಂದು, ಇನ್ನು ಎರಡು ಗಂಟೆಗೊಮ್ಮೆ ಅಂಕ ಹಾಕಿ ಅಂತ ಬರೆದು ಹೋದರು.

ಎರಡು ಗಂಟೆ ಆಗಲಿಲ್ಲ. ಹನ್ನೊಂದೂವರೆಗೆ ಕುರುವಿಳ ಗಂಜಿ ಕುಡಿದು ತಟ್ಟೆ ತೊಳೆಯೋಕೆ ಅಂಗಳದ ಕಲ್ಲಿಗೆ ಹೋದ. ಹೆಂಡತಿ ತೊಳೀತೀನಿ ಅಂದರೂ ಕೊಡಲಿಲ್ಲ. ಮೊದಲು ತಟ್ಟೆ ಬಿದ್ದ ಶಬ್ದ ಬಂತು. ಆಮೇಲೆ ಬಂದದ್ದು ತಟ್ಟೆಯದ್ದಲ್ಲ. ತಲೆಯ ಹಿಂಭಾಗ ಸಿಮೆಂಟ್ ಅಂಚಿಗೆ ಹೊಡೆದಿತ್ತು, ಮೈ ಮಾತ್ರ ಬಡಿದುಕೊಳ್ತಾ ಇತ್ತು.

ನಾನು, ಸಿಸ್ಟರ್ ಓಡಿದೆವು. ಏಲಮ್ಮ ಆಗಲೇ ಪಕ್ಕದಲ್ಲಿ ಕೂತಿದ್ದಳು. ಕಿರುಚಲಿಲ್ಲ. ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಗಂಡನ ಮುಷ್ಟಿಗೆ ತುರುಕಿ, ಎರಡೂ ಕೈಯಿಂದ ಅದುಮಿ ಹಿಡಿದುಕೊಂಡಿದ್ದಳು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತೆ ಅಂತ ನಮ್ಮ ಕಡೆ ನಂಬಿಕೆ. ನಿಲ್ಲಲ್ಲ. ಆದರೆ ಮೊದಲ ಸಲ ನೋಡ್ತಿರೋ ಹೆಂಗಸು ಅಷ್ಟು ಬೇಗ ಸೊಂಟಕ್ಕೆ ಕೈ ಹಾಕಲ್ಲ.

ಸಿಸ್ಟರ್ ಅವನನ್ನ ಪಕ್ಕಕ್ಕೆ ಹೊರಳಿಸಿದರು, ಸೂಜಿ ತರಿಸಿ ಹಾಕಿದರು. ಬಡಿತ ನಿಂತ ಮೇಲೆ ಒಂದು ಸಲ ಗೊಂಚಲು ನೋಡಿದರು, ಒಂದು ಸಲ ನನ್ನನ್ನ.

ತಲೆಯೊಳಗೆ ರಕ್ತ ಸೋರಿತ್ತು. ಮೆಡಿಕಲ್ ಕಾಲೇಜಿನಲ್ಲಿ ಮೂರು ದಿನ ಇದ್ದ, ಭಾನುವಾರ ಹೋದ.

ಅವತ್ತೇ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಹಾಳೆ ತರಿಸಿ ಆ ಗುರುತು ನೋಡಿದರು. "ನಾನು ನಗಬಾರದಿತ್ತು," ಅಂದರು. ಆಮೇಲೆ, "ಹಳೇ ಗುರುತು ಹೊಡೆದು ಹಾಕಿ ಸರಿಯಾದದ್ದು ಬರೀ. ದಿನಾಂಕ ಹಾಕು, ಯಾವಾಗ ತಿದ್ದಿದ್ದು ಅಂತ ಗೊತ್ತಾಗಬೇಕು. ಹೇಳಿದವರ ಸಹಿ ತಗೋ." ಕೆಲಸದಿಂದ ತೆಗೀತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಮನೆಯವರ ಹಾಳೆ ಇನ್ನು ಮೇಲೆ ಸಿಸ್ಟರ್ ಬರೀತಾರೆ ಅಂದರು ಅಷ್ಟೇ.

ಸಾವಿನ ನಲವತ್ತೊಂದನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಏಲಮ್ಮ ಗಂಡನ ಬಟ್ಟೆ ಗಂಟು ತಗೊಂಡು ಹೋಗೋಕೆ ಬಂದಳು. ಮಗಳ ನಿಶ್ಚಿತಾರ್ಥ ಮುಂದಕ್ಕೆ ಹಾಕಿದ್ದರು. ಸಿಸ್ಟರ್ ಆನ್ಸಿಲ್ಲ ಹಾಳೆ ತಂದು ಮೇಜಿನ ಮೇಲಿಟ್ಟು, ಹೋಗದೆ ಅಲ್ಲೇ ನಿಂತರು.

"ಸಹಿ ಹಾಕಿದ್ರೆ ಮಗಳ ಮದುವೆ ನಿಲ್ಲುತ್ತಾ ಸಿಸ್ಟರ್?" ಏಲಮ್ಮ ನೇರ ಕೇಳಿದಳು.

ಸಿಸ್ಟರ್ ಕುರ್ಚಿ ಎಳೆದು ಕೂತರು. "ನಮ್ಮಣ್ಣ, ಅಂದ್ರೆ ನಿಮ್ಮ ಬೀಗರು, ಹದಿನೆಂಟು ವರ್ಷದ ಹಿಂದೆ, ವರ್ಕಿ ಬರೋ ಮುಂಚೆ, ಇಲ್ಲಿಗೇ ಬಂದಿದ್ದ. ಎರಡನೇ ದಿನ ಇದೇ ಥರ ಫಿಟ್ಸ್. ನರ್ಸ್ ಮೇಜಿನ ಪಕ್ಕದ ಕೋಣೇಲಿದ್ದ, ಉಳ್ಕೊಂಡ. ನಿಮ್ಮ ಕಡೆಯವರಿಗೆ ಗೊತ್ತಾದ್ರೆ ಹುಡುಗಿ ಕೊಡಲ್ಲ ಅಂತ ನಮ್ಮತ್ತಿಗೆ ಬಾಯಿ ಬಿಡಬೇಡ ಅಂದಿದ್ಲು. ನಾನೂ ಬಿಡಲಿಲ್ಲ."

ಏಲಮ್ಮ ಅಳಲಿಲ್ಲ. ನನಗೇ ಯಾವ ಕಡೆ ನೋಡೋದು ಗೊತ್ತಾಗದೆ ಸ್ವಿಚ್ ಬೋರ್ಡ್ ನೋಡ್ತಾ ಕೂತೆ. ಅಲ್ಲಿಂದ ಏನೂ ಬರಲಿಲ್ಲ.

"ಎಲ್ಲಿ ಹಾಕ್ಬೇಕು?" ಅಂದಳು ಕೊನೆಗೆ.

ತೋರಿಸಿದೆ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಪೆನ್ನು ಮೇಜಿನ ಮೇಲಿಟ್ಟು, ಗಂಟು ಬಿಚ್ಚಿ ಒಂದೊಂದಾಗಿ ನೋಡಿದಳು. ಇಸ್ತ್ರಿ ಶರ್ಟು ಇತ್ತು, ಮುಂಡು ಇತ್ತು.

"ತಟ್ಟೆ?" ಅಂದಳು.

ತಟ್ಟೆ ಅಂಗಳದ ಕಲ್ಲಿನ ಮೇಲೇ ಇತ್ತು. ಅಷ್ಟು ದಿನದಿಂದ ಯಾರೂ ಅದನ್ನ ಮುಟ್ಟಿರಲಿಲ್ಲ. ಹೋಗಿ ತೊಳೆದು ತಂದುಕೊಟ್ಟೆ.